ಕಾಲ್ ವೇಟಿಂಗ್ ಆನ್ ಇದ್ದರೂ ‘ನಾಟ್ ರೀಚೆಬಲ್’ ಯಾಕೆ ಬರುತ್ತೆ?

ನೀವು ಒಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೀರಿ. ಅದೇ ಹೊತ್ತಿಗೆ ಇನ್ನೊಬ್ಬರು ನಿಮಗೆ ಫೋನ್ ಮಾಡುತ್ತಾರೆ. ಒಬ್ಬರು ಆಮೇಲೆ ಸಿಕ್ಕಾಗ ‘ಎಂಗೇಜ್ ಬಂತು’ ಅನ್ನುತ್ತಾರೆ. ಇನ್ನೊಬ್ಬರು ‘ಸ್ವಿಚ್ ಆಫ್ ಬಂತು’ ಅನ್ನುತ್ತಾರೆ. ಮತ್ತೊಬ್ಬರು ‘ಪೂರ್ತಿ ರಿಂಗ್ ಆಯ್ತು, ನೀವೇ ಎತ್ತಲಿಲ್ಲ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನಿಮ್ಮ ಫೋನ್ ತೆಗೆದು ನೋಡಿದರೆ ಕಾಲ್ ವೇಟಿಂಗ್ ಆನ್ ಆಗಿಯೇ ಇದೆ.

ಈ ಮೂರೂ ಬೇರೆ ಬೇರೆ ತೊಂದರೆಗಳು. ಪರಿಹಾರವೂ ಬೇರೆ ಬೇರೆ. ಬೆಂಗಳೂರಿನಲ್ಲಿ ಮನೆಯಿಂದ ವ್ಯಾಪಾರ ಮಾಡುವವರು, ಆಟೋ ಓಡಿಸುವವರು, ರಿಪೇರಿ ಕೆಲಸಕ್ಕೆ ಹೋಗುವವರು ಇವರಿಗೆಲ್ಲ ಒಂದು ಕಾಲ್ ತಪ್ಪಿದರೆ ಒಂದು ಕೆಲಸ ತಪ್ಪಿದ ಹಾಗೆ. ಅದಕ್ಕೇ ಫೋನ್ ಬದಲಾಯಿಸುವ ಮೊದಲು ಕಾಲ್ ಎಲ್ಲಿ ನಿಂತುಹೋಗುತ್ತಿದೆ ಅಂತ ಪತ್ತೆ ಮಾಡುವುದು ಒಳ್ಳೆಯದು. ಅದನ್ನು ಪತ್ತೆ ಮಾಡುವ ಸುಲಭದ ದಾರಿ ಒಂದಿದೆ: ಕರೆ ಮಾಡಿದವರಿಗೆ ಏನು ಕೇಳಿಸಿತು ಅಂತ ಕೇಳುವುದು.

## ವೇಟಿಂಗ್, ಹೋಲ್ಡ್, ಕಾನ್ಫರೆನ್ಸ್: ಯಾವುದು ಏನು?

ಕಾಲ್ ವೇಟಿಂಗ್ ಅಂದರೆ ನೀವು ಮಾತಾಡುತ್ತಿರುವಾಗ ಎರಡನೇ ಕರೆ ಬಂದಿದೆ ಅಂತ ತಿಳಿಸುವ ಸೌಲಭ್ಯ. ಕಿವಿಯಲ್ಲಿ ಬೀಪ್ ಬರುತ್ತದೆ, ಪರದೆ ಮೇಲೆ ಹೆಸರು ಕಾಣುತ್ತದೆ. ಇಷ್ಟೇ ಅದರ ಕೆಲಸ. ಎರಡನೇ ಕರೆಯನ್ನು ಎತ್ತಬೇಕೋ ಬಿಡಬೇಕೋ ಅನ್ನುವುದು ನಿಮಗೆ ಬಿಟ್ಟದ್ದು.

ಎತ್ತಿದರೆ ಹೋಲ್ಡ್ ಕೆಲಸಕ್ಕೆ ಬರುತ್ತದೆ. ಮೊದಲನೆಯವರ ಕಾಲ್ ಕಟ್ ಆಗುವುದಿಲ್ಲ, ಆದರೆ ಧ್ವನಿ ಎರಡೂ ಕಡೆ ನಿಲ್ಲುತ್ತದೆ. ಅವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲ, ನಿಮಗೆ ಅವರದ್ದೂ ಕೇಳಿಸುವುದಿಲ್ಲ. ಮ್ಯೂಟ್ ಹಾಗಲ್ಲ. ಮ್ಯೂಟ್ ಮಾಡಿದರೆ ನಿಮ್ಮ ಮೈಕ್ ಮಾತ್ರ ಬಂದ್. ಅವರು ಹೇಳುವುದು ನಿಮಗೆ ಕೇಳಿಸುತ್ತಲೇ ಇರುತ್ತದೆ. ಇನ್ನೊಂದು ವಿಷಯ: ಹೋಲ್ಡ್‌ನಲ್ಲಿರುವ ಕರೆಯೂ ನಡೆಯುತ್ತಿರುವ ಕರೆಯೇ. ಅನ್‌ಲಿಮಿಟೆಡ್ ಪ್ಯಾಕ್ ಇದ್ದರೆ ಇದರಿಂದ ವ್ಯತ್ಯಾಸ ಆಗುವುದಿಲ್ಲ. ಆದರೆ ದುಬೈಗೋ ಅಮೆರಿಕಕ್ಕೋ ಕಾಲ್ ಮಾಡಿ ಹೋಲ್ಡ್‌ನಲ್ಲಿ ಇಟ್ಟರೆ ಅಷ್ಟು ಹೊತ್ತೂ ದುಡ್ಡು ಹೋಗುತ್ತಿರುತ್ತದೆ.

ಕಾನ್ಫರೆನ್ಸ್ ಅಂದರೆ ಮಾತಾಡುತ್ತಿರುವ ಕರೆ, ಹೋಲ್ಡ್‌ನಲ್ಲಿರುವ ಕರೆ ಎರಡನ್ನೂ ಒಂದು ಮಾಡುವುದು. ಪರದೆಯಲ್ಲಿ ‘ಮರ್ಜ್’ ಅಂತ ಕಾಣುವ ಗುಂಡಿ ಇದೇ. ಅಂದರೆ ಈ ಮೂರೂ ಒಂದರ ಮೇಲೊಂದು ನಿಂತಿವೆ. ಹೋಲ್ಡ್ ಇಲ್ಲದೆ ಕಾನ್ಫರೆನ್ಸ್ ಇಲ್ಲ. ಹೋಲ್ಡ್ ಆಗದಿದ್ದರೆ ಎರಡನೇ ಕರೆ ಎತ್ತಲು ಮೊದಲನೆಯದನ್ನು ಕಟ್ ಮಾಡಲೇಬೇಕು.

## ಆ ಸ್ವಿಚ್ ನಿಜವಾಗಿ ಎಲ್ಲಿದೆ?

ಫೋನಿನ ಸೆಟಿಂಗ್ಸ್‌ನಲ್ಲಿ ಕಾಲ್ ವೇಟಿಂಗ್ ಅಂತ ಒಂದು ಸ್ವಿಚ್ ಕಾಣುತ್ತದೆ. ರಿಂಗ್‌ಟೋನ್, ವಾಲ್‌ಪೇಪರ್‌ಗಳ ಹಾಗೆ ಅದೂ ಫೋನಿನ ಒಳಗಿನ ಸೆಟಿಂಗ್ ಅಂತ ನಾವು ಅಂದುಕೊಳ್ಳುತ್ತೇವೆ. ಹಳೇ ಕಾಲದಿಂದ ಬಂದ ವ್ಯವಸ್ಥೆಯಲ್ಲಿ ಅದು ಫೋನಿನಲ್ಲಿ ಇಲ್ಲವೇ ಇಲ್ಲ. ಆಪರೇಟರ್‌ನ ಕಂಪ್ಯೂಟರಿನಲ್ಲಿ ಪ್ರತಿ ಸಿಮ್‌ಗೂ ಒಂದು ದಾಖಲೆ ಇರುತ್ತದೆ. ಈ ದಾಖಲೆಗಳನ್ನೆಲ್ಲ ಇಡುವ ಜಾಗಕ್ಕೆ ಎಚ್‌ಎಲ್‌ಆರ್ ಅಂತ ಹೆಸರು. ಈ ನಂಬರಿಗೆ ಕಾಲ್ ವೇಟಿಂಗ್ ಇದೆಯಾ, ಫಾರ್ವರ್ಡಿಂಗ್ ಇದೆಯಾ, ಇದ್ದರೆ ಯಾವ ನಂಬರಿಗೆ, ಎಲ್ಲ ಅದರಲ್ಲಿ ಬರೆದಿರುತ್ತದೆ.

ಅಪಾರ್ಟ್‌ಮೆಂಟಿನ ಗೇಟನ್ನು ನೆನೆಸಿಕೊಳ್ಳಿ. ನಿಮ್ಮ ಮನೆಯಲ್ಲಿ ಆಗಲೇ ಒಬ್ಬರು ಅತಿಥಿ ಇದ್ದಾರೆ. ಇನ್ನೊಬ್ಬರು ಬಂದರೆ ಒಳಗೆ ಇಂಟರ್‌ಕಾಮ್ ಮಾಡಬೇಕಾ, ‘ಈಗ ಆಗಲ್ಲ’ ಅಂತ ಗೇಟಿನಲ್ಲೇ ವಾಪಸ್ ಕಳಿಸಬೇಕಾ ಅನ್ನುವುದು ವಾಚ್‌ಮನ್ ಹತ್ತಿರದ ಪುಸ್ತಕದಲ್ಲಿ ಬರೆದಿದೆ. ನಿಮ್ಮ ಬಾಗಿಲ ಮೇಲೆ ‘ಯಾರು ಬಂದರೂ ಕಳಿಸಿ’ ಅಂತ ಚೀಟಿ ಅಂಟಿಸಿದರೆ ಸಾಲದು. ಅದು ಗೇಟಿಗೆ ಮುಟ್ಟಿ, ಪುಸ್ತಕದಲ್ಲಿ ಏರಬೇಕು.

ಫೋನಿನ ಸ್ವಿಚ್ ಮಾಡುವುದು ಆ ಮುಟ್ಟಿಸುವ ಕೆಲಸವನ್ನೇ. ಒತ್ತಿದ ಕೂಡಲೇ ಟವರ್ ಮೂಲಕ ಆಪರೇಟರಿಗೆ ಒಂದು ಕೋರಿಕೆ ಹೋಗುತ್ತದೆ. ಆ ಸ್ವಿಚ್ ಪಕ್ಕದಲ್ಲಿ ಒಂದೆರಡು ಕ್ಷಣ ಏನೋ ತಿರುಗುತ್ತಾ ಇರುತ್ತಲ್ಲ, ಅದು ಉತ್ತರಕ್ಕೆ ಕಾಯುತ್ತಿರುವ ಹೊತ್ತು.

4ಜಿ ಬಂದ ಮೇಲೆ ಇದಕ್ಕೆ ಇನ್ನೊಂದು ಪದರ ಸೇರಿತು. 4ಜಿ ಮೇಲೆಯೇ ಮಾತು ಹೋಗುವ ವ್ಯವಸ್ಥೆಗೆ ವೋಲ್ಟೆ ಅನ್ನುತ್ತೇವೆ. ಅದರಲ್ಲಿ ಎರಡನೇ ಕರೆಯನ್ನು ನೆಟ್‌ವರ್ಕ್ ನಿಮ್ಮ ಫೋನಿನ ತನಕ ತಂದು ಬಿಡಬಹುದು. ಬೀಪ್ ಕೊಡಬೇಕಾ, ‘ಬಿಜಿ’ ಅಂತ ಉತ್ತರ ಕಳಿಸಬೇಕಾ ಅಂತ ಆಗ ಫೋನೇ ತೀರ್ಮಾನಿಸುತ್ತದೆ. ಹೀಗಾಗಿ ಕೆಲವು ಫೋನ್, ಕೆಲವು ಆಪರೇಟರ್ ಸೇರಿದಾಗ ಸ್ವಿಚ್ ಎರಡು ಕಡೆ ಇರುತ್ತದೆ: ಒಂದು ಫೋನಿನಲ್ಲಿ, ಒಂದು ನೆಟ್‌ವರ್ಕಿನಲ್ಲಿ. ಒಂದು ಆನ್, ಇನ್ನೊಂದು ಆಫ್ ಆಗಿರಲು ಸಾಧ್ಯ. ಪರದೆಯಲ್ಲಿ ನಿಮಗೆ ಕಾಣುವುದು ಮಾತ್ರ ಒಂದೇ.

ನೆಟ್‌ವರ್ಕಿನ ಪುಸ್ತಕದಲ್ಲಿ ಏನಿದೆ ಅಂತ ಕೇಳಲು ಒಂದು ಕೋಡ್ ಇದೆ. ಫೋನ್ ನಂಬರ್ ಒತ್ತುವ ಜಾಗದಲ್ಲೇ ಇದನ್ನು ಒತ್ತಿ ಕಾಲ್ ಮಾಡಬೇಕು:

```
*#43#   ಈಗ ಆನ್ ಇದೆಯಾ ಅಂತ ಕೇಳಲು
*43#    ಆನ್ ಮಾಡಲು
#43#    ಆಫ್ ಮಾಡಲು
```

ಸ್ಟಾರ್, ಹ್ಯಾಶ್ ಎರಡೂ ಇದ್ದರೆ ಅದು ಬರೀ ಪ್ರಶ್ನೆ, ಏನನ್ನೂ ಬದಲಾಯಿಸುವುದಿಲ್ಲ. ಉತ್ತರದಲ್ಲಿ ‘ವಾಯ್ಸ್’ ಎದುರಿಗೆ ‘ಎನೇಬಲ್ಡ್’ ಅಂತ ಬಂದರೆ ಮಾತಿನ ಕರೆಗಳಿಗೆ ಕಾಲ್ ವೇಟಿಂಗ್ ಇದೆ ಅಂತ ಅರ್ಥ. ಎರಡು ಸಿಮ್ ಇದ್ದರೆ ಪ್ರತಿಯೊಂದರಿಂದಲೂ ಬೇರೆ ಬೇರೆಯಾಗಿ ಕೇಳಬೇಕು. ದಾಖಲೆ ಇರುವುದು ಸಿಮ್‌ಗೆ, ಫೋನಿಗೆ ಅಲ್ಲ. ಅದಕ್ಕೇ ಹೊಸ ಫೋನ್ ತಗೊಂಡರೆ ಹಳೇ ತೊಂದರೆ ಹೋಗದೆಯೂ ಇರಬಹುದು. ನಂಬರ್ ಪೋರ್ಟ್ ಮಾಡಿಸಿದಾಗ ಉಲ್ಟಾ ಆಗುತ್ತದೆ: ಹಳೇ ಆಪರೇಟರ್ ಹತ್ತಿರ ಇದ್ದ ಸೆಟಿಂಗ್ ಹೊಸಬರ ಹತ್ತಿರ ಬರುವುದಿಲ್ಲ. ಎಲ್ಲ ಮತ್ತೆ ಮೊದಲಿನಿಂದ ನೋಡಿಕೊಳ್ಳಬೇಕು.

## ಅವರಿಗೆ ಏನು ಕೇಳಿಸಿತು?

ಪರೀಕ್ಷೆ ಮಾಡಲು ಮೂರು ಫೋನ್ ಬೇಕು. ನಿಮ್ಮ ಫೋನಿನಿಂದ ಮನೆಯವರೊಬ್ಬರಿಗೆ ಕಾಲ್ ಮಾಡಿ ಮಾತು ನಡೆಯಲಿ. ಆ ಹೊತ್ತಲ್ಲೇ ಮೂರನೇ ಫೋನಿನಿಂದ ನಿಮ್ಮ ನಂಬರಿಗೆ ಮಾಡಿಸಿ, ಅದನ್ನು ಸ್ಪೀಕರ್‌ನಲ್ಲಿ ಇಟ್ಟು ಕೇಳಿ.

‘ಅವರು ಬೇರೆ ಕರೆಯಲ್ಲಿದ್ದಾರೆ, ದಯವಿಟ್ಟು ಕಾಯಿರಿ’ ಅನ್ನುವ ಅರ್ಥದ ಮಾತು ಕೇಳಿಸಿ, ನಿಮ್ಮ ಕಿವಿಗೆ ಬೀಪ್ ಬಂದರೆ ಎಲ್ಲ ಸರಿಯಾಗಿದೆ.

‘ಬಿಜಿ ಇದ್ದಾರೆ, ಆಮೇಲೆ ಮಾಡಿ’ ಅಂತ ಹೇಳಿ ತಾನೇ ಕಟ್ ಆದರೆ ಕಾಲ್ ವೇಟಿಂಗ್ ಎಲ್ಲೋ ಒಂದು ಕಡೆ ಆಫ್ ಆಗಿದೆ. ಸೆಟಿಂಗ್ಸ್‌ನ ಸ್ವಿಚ್, `*#43#` ಕೋಡ್ ಎರಡನ್ನೂ ನೋಡಬೇಕಾದ್ದು ಈಗ. ಆದರೆ ಒಂದು ಮಾತು. ನೀವು ಆಗಲೇ ಒಬ್ಬರನ್ನು ಹೋಲ್ಡ್‌ನಲ್ಲಿಟ್ಟು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರೆ, ಮೂರನೆಯವರಿಗೆ ಜಾಗ ಇರುವುದಿಲ್ಲ. ಬೀಪ್ ಬಂದರೂ ‘ಹೋಲ್ಡ್ ಮಾಡಿ ಎತ್ತು’ ಅನ್ನುವ ಆಯ್ಕೆ ಕಾಣುವುದಿಲ್ಲ. ಒಬ್ಬರನ್ನು ಬಿಟ್ಟರೇ ಇವರನ್ನು ಎತ್ತಲು ಆಗುವುದು. ಒಂದು ಮಾತಿನಲ್ಲಿ, ಒಂದು ಹೋಲ್ಡ್‌ನಲ್ಲಿ, ಅಷ್ಟೇ ಮಿತಿ. ಇದು ಕೆಟ್ಟಿರುವುದಲ್ಲ.

ಮಾಮೂಲಿ ರಿಂಗ್ ಪೂರ್ತಿ ಕೇಳಿಸಿ, ನಿಮ್ಮ ಕಡೆ ಏನೂ ಗೊತ್ತಾಗದಿದ್ದರೆ ನೆಟ್‌ವರ್ಕ್ ತನ್ನ ಕೆಲಸ ಮಾಡಿದೆ. ತೊಂದರೆ ನಿಮ್ಮ ಫೋನಿನ ಹತ್ತಿರವೇ ಇದೆ. ‘ಡೂ ನಾಟ್ ಡಿಸ್ಟರ್ಬ್’ ಆನ್ ಇರಬಹುದು. ಕಾರಿನ ಬ್ಲೂಟೂತ್ ಸೆಟ್ ಅಥವಾ ಇಯರ್‌ಫೋನ್ ಎರಡನೇ ಕರೆಯನ್ನು ತೋರಿಸದೆ ಇರಬಹುದು. ಎರಡು ಕರೆಗಳನ್ನು ನಿಭಾಯಿಸುವುದು ಬ್ಲೂಟೂತ್ ಸಾಧನಗಳಿಗೆ ಕಡ್ಡಾಯ ಅಲ್ಲ. ಕೆಲವುದರಲ್ಲಿ ಎರಡನೇ ಕರೆ ಎತ್ತಲು ಗುಂಡಿ ಒತ್ತಿದರೆ ಮೊದಲ ಕಾಲ್ ಕಟ್ ಆಗಿಬಿಡುತ್ತದೆ.

ಇನ್ನು ನಾಲ್ಕನೆಯದು: ಕೆಲವು ಸೆಕೆಂಡ್ ಏನೂ ಕೇಳಿಸದೆ ಆಮೇಲೆ ‘ಸ್ವಿಚ್ ಆಫ್’ ಅಥವಾ ‘ನಾಟ್ ರೀಚೆಬಲ್’ ಅಂತ ಬರುವುದು. ಇದು ಕಾಲ್ ವೇಟಿಂಗ್‌ಗೆ ಸಂಬಂಧವೇ ಇಲ್ಲದ ತೊಂದರೆ. ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದೂ ಇದಕ್ಕೇ.

## ಎರಡು ಸಿಮ್, ಒಂದೇ ರೇಡಿಯೋ

ನಮ್ಮ ಅತ್ತಿಗೆ ರಾಜಾಜಿನಗರದ ಮನೆಯಲ್ಲೇ ಹೋಳಿಗೆ, ಚಕ್ಲಿ ಆರ್ಡರ್ ತಗೊಳ್ಳುತ್ತಾರೆ. ಮೊದಲನೇ ಸಿಮ್‌ನಲ್ಲಿ ಹಳೇ ನಂಬರ್, ನೆಂಟರಿಗೆಲ್ಲ ಗೊತ್ತಿರುವುದು. ಎರಡನೇ ಸಿಮ್‌ನ ನಂಬರನ್ನು ಆರ್ಡರಿಗೆ ಅಂತಲೇ ತಗೊಂಡು, ಡಬ್ಬಿ ಮೇಲಿನ ಚೀಟಿಯಲ್ಲೂ ಅದನ್ನೇ ಹಾಕಿಸಿದ್ದಾರೆ. ಯುಗಾದಿ ಹತ್ತಿರ ಬಂದಾಗ ಗಿರಾಕಿಯೊಬ್ಬರು ಮನೆ ಬಾಗಿಲಿಗೇ ಬಂದರು.

“ಏನ್ ಮೇಡಂ, ಹಬ್ಬದ ಟೈಮಲ್ಲೇ ಫೋನ್ ಸ್ವಿಚ್ ಆಫ್ ಮಾಡ್ಕೊಂಡಿದೀರಾ?”

“ಅಯ್ಯೋ, ನಾನು ಆಫ್ ಮಾಡೇ ಇಲ್ವಲ್ಲ! ಬೆಳಗ್ಗೆಯಿಂದ ಫೋನಲ್ಲೇ ಇದೀನಿ.”

ಆ ಎರಡನೇ ಮಾತಿನಲ್ಲೇ ಉತ್ತರ ಇತ್ತು. ಅವರು ಫೋನಿನಲ್ಲೇ ಇದ್ದರು, ಆದರೆ ಮೊದಲನೇ ಸಿಮ್‌ನಲ್ಲಿ.

ಮೊದಲು ಎರಡೂ ಸಿಮ್‌ನಿಂದ `*#43#` ಒತ್ತಿ ನೋಡಿದೆವು. ಎರಡರಲ್ಲೂ ಆನ್. ಆಮೇಲೆ ಮೂರು ಫೋನಿನ ಪರೀಕ್ಷೆ. ಅತ್ತಿಗೆ ಮೊದಲನೇ ಸಿಮ್‌ನಲ್ಲಿ ಅಣ್ಣನ ಜೊತೆ ಮಾತಾಡುತ್ತಿರುವಾಗ ನಾನು ಅದೇ ನಂಬರಿಗೆ ಮಾಡಿದೆ: ‘ಬೇರೆ ಕರೆಯಲ್ಲಿದ್ದಾರೆ’ ಅಂತ ಬಂತು, ಅತ್ತಿಗೆಗೆ ಬೀಪ್ ಕೇಳಿಸಿತು. ಎರಡನೇ ಸಿಮ್‌ನ ನಂಬರಿಗೆ ಮಾಡಿದೆ: ಸ್ವಲ್ಪ ಹೊತ್ತು ಮೌನ, ಆಮೇಲೆ ‘ನಾಟ್ ರೀಚೆಬಲ್’. ಅತ್ತಿಗೆಯ ಪರದೆ ಮೇಲೆ ಏನೂ ಇಲ್ಲ. ಕಾಲ್ ಮುಗಿದ ಮೇಲೆ ಮಿಸ್ಡ್ ಕಾಲ್ ಪಟ್ಟಿಯಲ್ಲೂ ನನ್ನ ನಂಬರ್ ಇಲ್ಲ.

ಕಾರಣ ಹೀಗೆ. ಎರಡು ಸಿಮ್ ಹಾಕುವ ಫೋನ್‌ಗಳಲ್ಲಿ ಹೆಚ್ಚಿನವು ‘ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ’ ಅನ್ನುವ ಬಗೆಯವು. ಹೆಸರಲ್ಲೇ ಇದೆ ನೋಡಿ: ಎರಡೂ ಸಿಮ್ ಕಾಯುತ್ತಿರಬಲ್ಲವು, ಆದರೆ ಮಾತಾಡಲು ಒಂದೇ ಆಗುತ್ತದೆ. ಒಳಗಿನ ರೇಡಿಯೋವನ್ನು ಎರಡೂ ಹಂಚಿಕೊಂಡಿರುತ್ತವೆ. ಯಾವ ಕರೆಯೂ ಇಲ್ಲದಾಗ ರೇಡಿಯೋ ಒಮ್ಮೆ ಈ ಸಿಮ್‌ನ ಟವರಿಗೆ, ಒಮ್ಮೆ ಆ ಸಿಮ್‌ನ ಟವರಿಗೆ ಕಿವಿ ಕೊಡುತ್ತಾ ಇರುತ್ತದೆ. ಒಂದು ಸಿಮ್‌ನಲ್ಲಿ ಮಾತು ಶುರುವಾದರೆ ರೇಡಿಯೋ ಪೂರ್ತಿ ಅದರ ಪಾಲಾಗುತ್ತದೆ. ಇನ್ನೊಂದು ಸಿಮ್ ಕಿವುಡಾಗುತ್ತದೆ. ಆ ನಂಬರಿಗೆ ಕರೆ ಬಂದಾಗ ಟವರ್ ‘ಇದ್ದೀಯಾ?’ ಅಂತ ಕೂಗುತ್ತದೆ, ಉತ್ತರ ಬರುವುದಿಲ್ಲ, ಸ್ವಲ್ಪ ಕಾದು ‘ಸಿಗುತ್ತಿಲ್ಲ’ ಅಂತ ಹೇಳಿಬಿಡುತ್ತದೆ. ಕರೆ ಮಾಡಿದವರಿಗೆ ಕೇಳಿಸುವ ಮೌನ ಆ ಕಾಯುವ ಹೊತ್ತು. ಎರಡನೇ ಸಿಮ್‌ನಲ್ಲಿ ಕಾಲ್ ವೇಟಿಂಗ್ ಎಷ್ಟೇ ಆನ್ ಇದ್ದರೂ ಪ್ರಯೋಜನ ಇಲ್ಲ. ಆ ಸಿಮ್‌ನಲ್ಲಿ ಮಾತೇ ನಡೆಯುತ್ತಿಲ್ಲವಲ್ಲ.

ಇದಕ್ಕೆ ಪರಿಹಾರ ಕಾಲ್ ಫಾರ್ವರ್ಡಿಂಗ್. ಎಲ್ಲ ಕರೆಗಳನ್ನೂ ಫಾರ್ವರ್ಡ್ ಮಾಡುವುದಲ್ಲ. ‘ಸಿಗದಿದ್ದಾಗ ಮಾತ್ರ’ ಅನ್ನುವ ಬಗೆ. ಎರಡನೇ ಸಿಮ್ ಸಿಗದಿದ್ದರೆ ಕರೆ ಮೊದಲನೇ ನಂಬರಿಗೆ ಹೋಗಲಿ ಅಂತ ಹೇಳುವುದು. ಆಗ ಏನಾಗುತ್ತದೆ? ಗಿರಾಕಿ ಎರಡನೇ ನಂಬರಿಗೆ ಮಾಡುತ್ತಾರೆ, ಅದು ಕಿವುಡಾಗಿದೆ, ನೆಟ್‌ವರ್ಕ್ ಅದನ್ನು ಮೊದಲನೇ ನಂಬರಿಗೆ ತಿರುಗಿಸುತ್ತದೆ. ಅಲ್ಲಿ ಮಾತು ನಡೆಯುತ್ತಿದೆ, ಕಾಲ್ ವೇಟಿಂಗ್ ಇದೆ, ಅತ್ತಿಗೆಗೆ ಬೀಪ್ ಬರುತ್ತದೆ.

ಕೋಡ್ ಮೂಲಕ ಮಾಡುವುದಾದರೆ ಎರಡನೇ ಸಿಮ್‌ನಿಂದ ಹೀಗೆ ಒತ್ತಬೇಕು, ನಡುವೆ ಮೊದಲನೇ ಸಿಮ್‌ನ ನಂಬರ್ ಹಾಕಿ:

```
**62*ನಂಬರ್#   ಸಿಗದಿದ್ದಾಗ ಫಾರ್ವರ್ಡ್ ಮಾಡಲು
*#62#         ಯಾವ ನಂಬರಿಗೆ ಇದೆ ಅಂತ ನೋಡಲು
##62#         ತೆಗೆದುಹಾಕಲು
```

ನಮಗೆ ಕೋಡ್ ಕೈ ಕೊಟ್ಟಿತು. ಫೋನ್ ಆಪ್‌ನ ಸೆಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಒಳಗೆ ಹೋಗಿ, ಎರಡನೇ ಸಿಮ್ ಆರಿಸಿ, ‘ಅನ್‌ರೀಚೆಬಲ್’ ಅನ್ನುವ ಸಾಲಿನಲ್ಲಿ ನಂಬರ್ ಹಾಕಿದಾಗ ಕೂತಿತು. ಕೋಡ್‌ಗಳ ವಿಷಯದಲ್ಲಿ ಒಂದು ಹಿನ್ನೆಲೆ ಗೊತ್ತಿರಲಿ. ‘ಈ ಕೋಡ್ ಒತ್ತಿ’ ಅಂತ ಜನರನ್ನು ನಂಬಿಸಿ ಅವರ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಳ್ಳುವ ಮೋಸ ಜಾಸ್ತಿಯಾದಾಗ, ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ `*401#` ಥರದ ಕೋಡ್ ಮೂಲಕ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಲು ಆಪರೇಟರ್‌ಗಳಿಗೆ ಹೇಳಿತು. ಹಾಗಾಗಿ ಫಾರ್ವರ್ಡಿಂಗ್‌ನ ಹಳೇ ಕೋಡ್‌ಗಳು ನಿಮ್ಮ ಸಿಮ್‌ನಲ್ಲಿ ನಡೆಯದಿದ್ದರೆ ಮೆನುವಿನಿಂದ ಪ್ರಯತ್ನಿಸಿ. ಅದೂ ಆಗದಿದ್ದರೆ ಕಸ್ಟಮರ್ ಕೇರ್ ಕೇಳಬೇಕು.

ಎರಡು ಎಚ್ಚರಿಕೆ. ತಿರುಗಿಸಿದ ಕರೆ ಎರಡನೇ ಸಿಮ್‌ನಿಂದ ಹೊರಗೆ ಹೋಗುವ ಕರೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ಆ ಸಿಮ್‌ನಲ್ಲಿ ಪ್ಯಾಕ್ ಇರಬೇಕು. ಬರೀ ಒಳಬರುವ ಕರೆಗೆ ಅಂತ ಇಟ್ಟುಕೊಂಡ, ರೀಚಾರ್ಜ್ ಇಲ್ಲದ ಸಿಮ್‌ನಲ್ಲಿ ಇದು ನಡೆಯುವುದಿಲ್ಲ. ಇನ್ನೊಂದು, ಅತ್ತಿಗೆ ಎರಡನೇ ಸಿಮ್‌ನಲ್ಲಿ ಗಿರಾಕಿ ಜೊತೆ ಮಾತಾಡುವಾಗ ಮೊದಲನೆಯದು ಕಿವುಡಾಗುತ್ತದೆ. ಆ ಕಡೆಯಿಂದಲೂ ಇದೇ ರೀತಿ ಫಾರ್ವರ್ಡ್ ಹಾಕಬೇಕಾಯಿತು.

ಹೊಸ ಫೋನ್ ಕೆಲವುದರಲ್ಲಿ ಈ ತಾಪತ್ರಯ ಕಡಿಮೆ. ಒಂದು ಸಿಮ್‌ನಲ್ಲಿ ಮಾತಾಡುವಾಗ ಇನ್ನೊಂದರ ಕರೆಯನ್ನು ವೈಫೈ ಮೇಲೋ, ಮೊದಲ ಸಿಮ್‌ನ ಡೇಟಾ ಮೇಲೋ ತರುವ ಸೌಲಭ್ಯ ಅವುಗಳಲ್ಲಿದೆ. ಇದಕ್ಕೆ ಆ ಸಿಮ್‌ಗೆ ‘ವೈಫೈ ಕಾಲಿಂಗ್’ ಆನ್ ಇರಬೇಕು, ಆಪರೇಟರ್ ಅದನ್ನು ಕೊಟ್ಟಿರಬೇಕು. ನಿಮ್ಮದು ಅಂಥ ಫೋನಾ ಅಂತ ತಿಳಿಯಲು ಜಾಹೀರಾತು ಓದುವುದಕ್ಕಿಂತ ಮೇಲಿನ ಪರೀಕ್ಷೆ ಮಾಡುವುದೇ ಒಳ್ಳೆಯದು.

## ಸ್ವಿಚ್ ಒತ್ತಿದರೆ ‘ಎರರ್’ ಬರುತ್ತೆ

ಸೆಟಿಂಗ್ಸ್‌ನಲ್ಲಿ ಕಾಲ್ ವೇಟಿಂಗ್ ಸಾಲು ಮಂಕಾಗಿ ಕಾಣುವುದು, ಒತ್ತಿದ ಸ್ವಿಚ್ ತಾನೇ ವಾಪಸ್ ಹೋಗುವುದು, ಅಥವಾ ಕೋಡ್ ಒತ್ತಿದಾಗ ಈ ಸಂದೇಶ ಬರುವುದು ತುಂಬಾ ಜನ ನೋಡಿರುತ್ತಾರೆ:

```
Connection problem or invalid MMI code
```

ಇದರ ಅರ್ಥ ಎರಡರಲ್ಲಿ ಒಂದು: ಕೋರಿಕೆ ಆಪರೇಟರಿಗೆ ಮುಟ್ಟಲಿಲ್ಲ, ಇಲ್ಲವೇ ಮುಟ್ಟಿದರೂ ಆ ನೆಟ್‌ವರ್ಕ್ ಆ ಕೋಡನ್ನು ಒಪ್ಪುವುದಿಲ್ಲ. ಯಾವುದು ಅಂತ ಸಂದೇಶ ಹೇಳುವುದಿಲ್ಲ.

ಮುಟ್ಟದೆ ಇರಲು ಜಾಸ್ತಿ ಸಿಗುವ ಕಾರಣ ಮೊಬೈಲ್ ಡೇಟಾ. 2ಜಿ ಕಾಲದಲ್ಲಿ ಈ ಕೋರಿಕೆಗೆ ಡೇಟಾ ಬೇಕಿರಲಿಲ್ಲ. 4ಜಿ ವೋಲ್ಟೆಯಲ್ಲಿ ಎಷ್ಟೋ ಆಪರೇಟರ್‌ಗಳ ಹತ್ತಿರ ಇದೇ ಕೋರಿಕೆ ಇಂಟರ್‌ನೆಟ್ ಪುಟ ತೆರೆದ ಹಾಗೆ ಡೇಟಾ ದಾರಿಯಲ್ಲಿ ಹೋಗುತ್ತದೆ. 2ಜಿ, 3ಜಿ ಇಲ್ಲದೆ 2016ರಲ್ಲಿ 4ಜಿಯಿಂದಲೇ ಶುರುವಾದ ಜಿಯೋ ಥರದ ನೆಟ್‌ವರ್ಕಿನಲ್ಲಿ ಹಳೇ ದಾರಿ ಇಲ್ಲವೇ ಇಲ್ಲ. ಡೇಟಾ ಆಫ್ ಇದ್ದರೆ, ಅಥವಾ ಡೇಟಾ ಇನ್ನೊಂದು ಸಿಮ್‌ನಲ್ಲಿ ಆನ್ ಇದ್ದರೆ ಕೋರಿಕೆ ಹೊರಡುವುದೇ ಇಲ್ಲ. ಮನೆಯ ವೈಫೈ ಆನ್ ಇದ್ದರೂ ಸಾಕಾಗುವುದಿಲ್ಲ, ಏಕೆಂದರೆ ಇದು ಆಪರೇಟರ್‌ನ ಸ್ವಂತ ದಾರಿಯಲ್ಲೇ ಹೋಗಬೇಕು.

ಹಾಗಾಗಿ ಮೊದಲು ಮಾಡಬೇಕಾದ್ದು ಇಷ್ಟು. ವೈಫೈ ಆಫ್ ಮಾಡಿ. ಯಾವ ಸಿಮ್‌ನ ಸೆಟಿಂಗ್ ಬದಲಾಯಿಸಬೇಕೋ ಅದನ್ನೇ ಡೇಟಾ ಸಿಮ್ ಮಾಡಿ. ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ. ಸಿಗ್ನಲ್ ಚೆನ್ನಾಗಿರುವ ಕಡೆ ನಿಂತು, ಯಾವ ಕರೆಯೂ ನಡೆಯದಿರುವಾಗ, ಮೆನುವಿನಿಂದ ಸ್ವಿಚ್ ಒತ್ತಿ. ಸ್ವಿಚ್ ಕೂತ ಮೇಲೆ ಡೇಟಾ ಮತ್ತೆ ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಬಹುದು. ಒಮ್ಮೆ ದಾಖಲೆಯಾದರೆ ಡೇಟಾ ಬೇಕಾಗಿಲ್ಲ.

## ಬೇಸ್‌ಮೆಂಟಿಗೆ ಇಳಿದರೆ ಹೋಲ್ಡ್ ಕಟ್

ಕೆಲವರಿಗೆ ಮನೆಯಲ್ಲಿ ಎಲ್ಲ ಸರಿ, ಆಫೀಸಿನಲ್ಲಿ ಮಾತ್ರ ಎಂಗೇಜ್ ಬರುತ್ತದೆ. ಒಂದೇ ಫೋನ್, ಒಂದೇ ಸಿಮ್. ಇಲ್ಲಿ ನೋಡಬೇಕಾದ್ದು ಪರದೆ ಮೇಲಿನ ಸಿಗ್ನಲ್ ಗುರುತು. 2ಜಿ ಇಟ್ಟುಕೊಂಡಿರುವ ಆಪರೇಟರ್ ಆದರೆ, 4ಜಿ ತಲುಪದ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಒಳಗಿನ ಕೋಣೆಗಳಲ್ಲಿ ಫೋನ್ 2ಜಿಗೆ ಇಳಿಯುತ್ತದೆ. 4ಜಿಯಲ್ಲಿದ್ದಾಗ ಫೋನಿನೊಳಗಿನ ಸ್ವಿಚ್ ನಡೆಯುತ್ತಿತ್ತು. 2ಜಿಗೆ ಇಳಿದ ಮೇಲೆ ನೆಟ್‌ವರ್ಕಿನ ಪುಸ್ತಕದ ಮಾತೇ ಕೊನೆ. ಅಲ್ಲಿ ಆಫ್ ಅಂತ ಇದ್ದರೆ ಎರಡನೇ ಕರೆಗೆ ಎಂಗೇಜ್. ಇಂಥವರು 2ಜಿ ಇರುವ ಜಾಗದಲ್ಲೇ ನಿಂತು `*#43#` ಕೇಳಿ, ಆಫ್ ಇದ್ದರೆ `*43#` ಒತ್ತಿದರೆ ಸರಿಹೋಗುವ ಸಾಧ್ಯತೆ ಜಾಸ್ತಿ.

ಮಾತಾಡುತ್ತಲೇ ಲಿಫ್ಟಿನಲ್ಲಿ ಬೇಸ್‌ಮೆಂಟಿಗೆ ಇಳಿಯುವುದು ಇನ್ನೊಂದು ಸಂಗತಿ. ನಡೆಯುತ್ತಿರುವ ಕರೆಯನ್ನು ನೆಟ್‌ವರ್ಕ್ 4ಜಿಯಿಂದ 2ಜಿಗೆ ಕಟ್ ಆಗದಂತೆ ಸಾಗಿಸುತ್ತದೆ. ಆದರೆ ಇದರ ಸರಳ ರೂಪದಲ್ಲಿ ಸಾಗಿಸುವುದು ಮಾತಿನಲ್ಲಿರುವ ಒಂದೇ ಕರೆಯನ್ನು. ಹೋಲ್ಡ್‌ನಲ್ಲಿದ್ದದ್ದನ್ನೂ ಸಾಗಿಸಲು ನೆಟ್‌ವರ್ಕಿನಲ್ಲಿ, ಫೋನಿನಲ್ಲಿ ಎರಡೂ ಕಡೆ ಬೇರೆ ಸೌಲಭ್ಯ ಇರಬೇಕು. ಇಲ್ಲದಿದ್ದರೆ ಹೋಲ್ಡ್‌ನಲ್ಲಿ ಕಾಯುತ್ತಿದ್ದವರು ಬಿದ್ದುಹೋಗುತ್ತಾರೆ. ನೀವೇ ಕಟ್ ಮಾಡಿದಿರಿ ಅಂತ ಅವರು ಅಂದುಕೊಳ್ಳುತ್ತಾರೆ. ಕಾನ್ಫರೆನ್ಸ್‌ಗೂ ಇದೇ ಗತಿ ಆಗಬಹುದು. ಮುಖ್ಯವಾದ ಕರೆ ಹೋಲ್ಡ್‌ನಲ್ಲಿದ್ದರೆ ಮಾತು ಮುಗಿಸಿಯೇ ಲಿಫ್ಟ್ ಹತ್ತುವುದು ವಾಸಿ.

## ಮರ್ಜ್ ಗುಂಡಿ ಯಾಕೆ ಕಾಣುವುದಿಲ್ಲ?

ಕಾನ್ಫರೆನ್ಸ್ ಮಾಡುವ ಕ್ರಮ ಸುಲಭ. ಮೊದಲನೆಯವರಿಗೆ ಕಾಲ್ ಮಾಡಿ. ‘ಆಡ್ ಕಾಲ್’ ಒತ್ತಿ ಎರಡನೆಯವರಿಗೆ ಮಾಡಿ. ಮೊದಲನೆಯವರು ತಾವಾಗಿಯೇ ಹೋಲ್ಡ್‌ಗೆ ಹೋಗುತ್ತಾರೆ. ಎರಡನೆಯವರು ಎತ್ತಿದ ಮೇಲೆ ‘ಮರ್ಜ್’. ಅವರು ಎತ್ತುವ ತನಕ ಗುಂಡಿ ಮಂಕಾಗಿರುವುದು ಸಹಜ. ಇನ್ನೊಬ್ಬರನ್ನು ಸೇರಿಸಲು ಮತ್ತೆ ಅದೇ ಕ್ರಮ. ಮೊಬೈಲ್ ಮಾನದಂಡದ ಪ್ರಕಾರ ನಿಮ್ಮನ್ನು ಬಿಟ್ಟು ಐದು ಜನರ ತನಕ ಸೇರಿಸಬಹುದು. ಆಪರೇಟರ್ ಅದಕ್ಕಿಂತ ಕಡಿಮೆ ಇಟ್ಟಿರಬಹುದು.

ಸೇರಿಸಿದವರಲ್ಲಿ ಒಬ್ಬರು ಫೋನ್ ಇಟ್ಟರೆ ಉಳಿದವರ ಮಾತು ಮುಂದುವರಿಯುತ್ತದೆ. ಸೇರಿಸಿದ ನೀವೇ ಇಟ್ಟರೆ ಎಲ್ಲರದ್ದೂ ಕಟ್. ಊರಲ್ಲಿರುವ ಅಪ್ಪ, ಅಮ್ಮನನ್ನು ಡಾಕ್ಟರ ಜೊತೆ ಸೇರಿಸಿ ‘ನೀವು ಮಾತಾಡ್ಕೊಳ್ಳಿ’ ಅಂತ ನೀವು ಫೋನ್ ಇಟ್ಟರೆ ಅವರ ಮಾತೂ ಅಲ್ಲಿಗೇ ನಿಲ್ಲುತ್ತದೆ. ನೀವು ಮ್ಯೂಟ್ ಮಾಡಿಕೊಂಡು ಲೈನಿನಲ್ಲೇ ಇರಬೇಕು.

ಧ್ವನಿಗಳನ್ನು ಬೆರೆಸುವ ಕೆಲಸ ನಿಮ್ಮ ಫೋನಿನಲ್ಲಿ ಆಗುವುದಿಲ್ಲ, ಆಪರೇಟರ್‌ನ ಯಂತ್ರದಲ್ಲಿ ಆಗುತ್ತದೆ. ಮರ್ಜ್ ಒತ್ತುವುದು ‘ಈ ಎರಡನ್ನೂ ಸೇರಿಸು’ ಅಂತ ಕೇಳಿಕೊಳ್ಳುವುದಷ್ಟೇ. ಇದು ಗೊತ್ತಾದರೆ ಮರ್ಜ್ ಆಗದ ಎಷ್ಟೋ ಸಂದರ್ಭಗಳು ತಾವಾಗಿಯೇ ಅರ್ಥವಾಗುತ್ತವೆ. ಒಂದು ಕರೆ ಮೊದಲನೇ ಸಿಮ್‌ನಲ್ಲಿ, ಇನ್ನೊಂದು ಎರಡನೆಯದರಲ್ಲಿ ಇದ್ದರೆ ಸೇರಿಸಲು ಆಗುವುದಿಲ್ಲ; ಅವು ಬೇರೆ ಬೇರೆ ಚಂದಾದಾರರ ಕರೆಗಳು. ಒಂದು ಮಾಮೂಲಿ ಕಾಲ್, ಇನ್ನೊಂದು ವಾಟ್ಸಾಪ್ ಕಾಲ್ ಆದರೂ ಅಷ್ಟೇ. ವಾಟ್ಸಾಪ್ ಕಾಲ್ ಆಪರೇಟರ್ ಪಾಲಿಗೆ ಬರೀ ಡೇಟಾ. ನೀವು ಅದರಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರೂ ಆಪರೇಟರ್ ಲೆಕ್ಕದಲ್ಲಿ ನೀವು ಖಾಲಿ ಇದ್ದೀರಿ. ಅದಕ್ಕೇ ಆಗ ಮಾಮೂಲಿ ಕರೆ ಮಾಡಿದವರಿಗೆ ಬರೀ ರಿಂಗ್ ಕೇಳಿಸುತ್ತದೆ, ‘ಬೇರೆ ಕರೆಯಲ್ಲಿದ್ದಾರೆ’ ಅನ್ನುವ ಮಾತು ಬರುವುದಿಲ್ಲ. ನೀವೇ ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಂಡವರ ಕಥೆ ಇದೇ ಇರಬಹುದು.

## ಯಾರೋ ‘ಮರ್ಜ್ ಮಾಡಿ’ ಅಂದರೆ

ಮರ್ಜ್ ಒತ್ತಿದ ಕ್ಷಣದಿಂದ ಮೂವರಿಗೂ ಎಲ್ಲ ಕೇಳಿಸುತ್ತದೆ. ಇದನ್ನೇ ಬಳಸಿಕೊಂಡು ನಡೆಯುತ್ತಿರುವ ಮೋಸದ ಬಗ್ಗೆ ಯುಪಿಐ ನಡೆಸುವ ಎನ್‌ಪಿಸಿಐ 2025ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಗೊತ್ತಿಲ್ಲದವರು ಫೋನ್ ಮಾಡಿ, ನಿಮ್ಮ ಗೆಳೆಯರಿಂದ ನಂಬರ್ ಸಿಕ್ಕಿತು ಅನ್ನುತ್ತಾರೆ. ‘ಅವರೇ ಈಗ ಬೇರೆ ನಂಬರಿಂದ ಮಾಡ್ತಿದ್ದಾರೆ, ಮರ್ಜ್ ಮಾಡಿ’ ಅನ್ನುತ್ತಾರೆ. ನಿಮಗೆ ಬೀಪ್ ಬರುತ್ತದೆ. ಬಂದಿರುವುದು ಗೆಳೆಯರದ್ದಲ್ಲ, ಒಟಿಪಿಯನ್ನು ಬಾಯಲ್ಲಿ ಹೇಳುವ ಬ್ಯಾಂಕಿನ ಯಂತ್ರದ ಕರೆ. ಮರ್ಜ್ ಮಾಡಿದರೆ ಒಟಿಪಿ ಅವರ ಕಿವಿಗೂ ಬೀಳುತ್ತದೆ. ಗೆಳೆಯರೇ ಹೌದಾ ಅಂತ ನೋಡಬೇಕಾದರೆ ಮೊದಲನೆಯದನ್ನು ಕಟ್ ಮಾಡಿ, ನಿಮ್ಮ ಹತ್ತಿರ ಇರುವ ಗೆಳೆಯರ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

## ಕಸ್ಟಮರ್ ಕೇರ್‌ಗೆ ಏನು ಹೇಳಬೇಕು?

‘ಕಾಲ್ ವೇಟಿಂಗ್ ಕೆಲಸ ಮಾಡ್ತಿಲ್ಲ’ ಅಂದರೆ ಫೋನ್ ರೀಸ್ಟಾರ್ಟ್ ಮಾಡಿ ಅನ್ನುವ ಉತ್ತರವೇ ಸಾಮಾನ್ಯವಾಗಿ ಸಿಗುವುದು. ಅದರ ಬದಲು ಪರೀಕ್ಷೆಯಲ್ಲಿ ಕಂಡದ್ದನ್ನೇ ಹೇಳಿ: ಯಾವ ನಂಬರ್, ಮಾತಾಡುತ್ತಿರುವಾಗ ಕರೆ ಮಾಡಿದವರಿಗೆ ಯಾವ ಮಾತು ಕೇಳಿಸಿತು, ಆಗ ಪರದೆಯಲ್ಲಿ 4ಜಿ ಇತ್ತಾ 2ಜಿ ಇತ್ತಾ, `*#43#` ಏನು ಉತ್ತರ ಕೊಟ್ಟಿತು. ಸಾಧ್ಯವಾದರೆ ಆ ಸಿಮ್ ಅನ್ನು ಬೇರೆ ಫೋನಿಗೆ ಹಾಕಿ ಅದೇ ಪರೀಕ್ಷೆ ಮಾಡಿ ನೋಡಿ. ಅಲ್ಲೂ ಎಂಗೇಜ್ ಬಂದರೆ ತೊಂದರೆ ಆಪರೇಟರ್ ಕಡೆ ಇದೆ. ಆಗ ‘ನನ್ನ ನಂಬರಿಗೆ ಕಾಲ್ ವೇಟಿಂಗ್, ಹೋಲ್ಡ್, ಕಾನ್ಫರೆನ್ಸ್ ಸೇವೆಗಳನ್ನು ನಿಮ್ಮ ಸಿಸ್ಟಮ್‌ನಲ್ಲಿ ಮತ್ತೆ ಆಕ್ಟಿವೇಟ್ ಮಾಡಿ’ ಅಂತ ಸ್ಪಷ್ಟವಾಗಿ ಕೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಬೇರೆ ಫೋನಿನಲ್ಲಿ ಸರಿಯಾಗಿ ಬೀಪ್ ಬಂದರೆ ಆಪರೇಟರ್ ಏನೂ ಮಾಡಬೇಕಾಗಿಲ್ಲ. ನಿಮ್ಮ ಫೋನಿನಲ್ಲಿ ಆ ಸಿಮ್‌ಗೆ ವೋಲ್ಟೆ ಆನ್ ಇದೆಯಾ, ಕಾಲ್ ವೇಟಿಂಗ್ ಸ್ವಿಚ್ ಹೇಗಿದೆ, ಡೂ ನಾಟ್ ಡಿಸ್ಟರ್ಬ್ ಹೇಗಿದೆ ಅಂತ ಒಂದೊಂದಾಗಿ ನೋಡಿಕೊಂಡು ಬರಬೇಕು.